150 ಅಂತ ಬರೆಯಲೋ, 90 ಅಂತ ಬರೆಯಲೋ? ಟೆಸ್ಟ್ ರೈಡ್ ಕ್ಯಾಂಪಿನ ರೇಂಜ್ ಅಂಕಿಯ ಬಗ್ಗೆ

ಪ್ರಶ್ನೆ: ಸರ್, ನಾನು ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್‌ನಲ್ಲಿ ಕೆಲಸ ಮಾಡ್ತೀನಿ. ಮುಂದಿನ ಭಾನುವಾರ ಟೆಸ್ಟ್ ರೈಡ್ ಕ್ಯಾಂಪ್ ಇದೆ, ಅದರ ಬ್ಯಾನರ್‌ಗೆ ಎರಡು ಸಾಲು ಬರೆದುಕೊಡಬೇಕು. ಬ್ರೋಷರ್‌ನಲ್ಲಿ ಒಂದು ಫುಲ್ ಚಾರ್ಜ್‌ಗೆ ರೇಂಜ್ 150 ಕಿ.ಮೀ. ಅಂತಿದೆ, ಬ್ಯಾಟರಿ 3.7 ಯೂನಿಟ್‌ನದು. ನಾನು ದಿನಾ ಓಡಿಸೋ ಗಾಡಿ ನೂರರ ಹತ್ತಿರ ಬರೋದೇ ಕಷ್ಟ. 150 ಅಂತ ಬರೆದ್ರೆ ಗಾಡಿ ತಗೊಂಡವರು ಮೂರು ತಿಂಗಳಿಗೆ ಬಂದು ಜಗಳ ಆಡ್ತಾರೆ, ಕಡಿಮೆ ಬರೆದ್ರೆ ಕ್ಯಾಂಪಿಗೇ ಜನ ಬರಲ್ಲ ಅಂತಾರೆ ಓನರ್. ಹೋದ ಸಲದ ಕ್ಯಾಂಪಲ್ಲಿ ಒಬ್ಬರು 3 ಕಿ.ಮೀ. ಓಡಿಸಿ ಬಂದು "ಶೇ 4 ಹೋಯ್ತು, ಅಂದ್ರೆ ನಿಮ್ಮ ಗಾಡಿ 75 ಕಿ.ಮೀ. ಅಷ್ಟೇ" ಅಂದ್ರು. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಪ್ರಾಮಾಣಿಕವಾಗಿ ಹೇಗೆ ಬರೆಯೋದು?

ಉತ್ತರ: ಆ 3 ಕಿ.ಮೀ.ನವರಿಂದಲೇ ಶುರು ಮಾಡೋಣ. ಅವರ ಲೆಕ್ಕದಲ್ಲಿರುವ ತಪ್ಪು ಅರ್ಥವಾದರೆ ಬ್ಯಾನರ್ ಅರ್ಧ ಬರೆದಂತೆ.

ಸ್ಕೂಟರಿನ ಪರದೆ ಚಾರ್ಜನ್ನು ಪೂರ್ಣಾಂಕದಲ್ಲಿ ಮಾತ್ರ ತೋರಿಸುತ್ತದೆ. 100 ಇದ್ದದ್ದು 96 ಆಯಿತು ಎಂದರೆ ನಿಜವಾಗಿ ಹೋದದ್ದು ಮೂರಕ್ಕಿಂತ ಸ್ವಲ್ಪ ಹೆಚ್ಚೂ ಇರಬಹುದು, ಐದಕ್ಕಿಂತ ಸ್ವಲ್ಪ ಕಡಿಮೆಯೂ ಇರಬಹುದು. ಮೂರು ಎಂದುಕೊಂಡರೆ ರೇಂಜ್ 100 ಕಿ.ಮೀ., ಐದು ಎಂದುಕೊಂಡರೆ 60. ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಸವಾರಿ. ಉತ್ತರ ಮಾತ್ರ 60ರಿಂದ 100ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ಸಾಲದ್ದಕ್ಕೆ ಚಾರ್ಜ್ ಶೇಕಡಾ ಎನ್ನುವುದು ಪೆಟ್ರೋಲ್ ಟ್ಯಾಂಕಿಗೆ ಕಡ್ಡಿ ಅದ್ದಿ ನೋಡಿದ ಹಾಗಲ್ಲ. ಬ್ಯಾಟರಿಯ ನಿಯಂತ್ರಕ ಹರಿದ ಕರೆಂಟನ್ನು ಎಣಿಸಿ, ವೋಲ್ಟೇಜ್ ನೋಡಿ ಹಾಕುವ ಅಂದಾಜು ಅದು. ಕೆಲವು ಗಾಡಿಗಳಲ್ಲಿ ಮೊದಲ ಒಂದೆರಡು ಕಿ.ಮೀ. ಹೋದರೂ 100 ಅಲುಗುವುದಿಲ್ಲ. ಟೆಸ್ಟ್ ರೈಡ್ ಮಾಡುವವರೂ ಮನೆಗೆ ಹೋಗುವವರ ಹಾಗೆ ಓಡಿಸುವುದಿಲ್ಲ. ಖಾಲಿ ರಸ್ತೆ ಸಿಕ್ಕ ಕೂಡಲೇ ಎಕ್ಸಲೇಟರ್ ಪೂರ್ತಿ ತಿರುಗಿಸಿ ನೋಡುತ್ತಾರೆ. ಅದು ತಪ್ಪಲ್ಲ, ಗಾಡಿಯ ಎಳೆತ ನೋಡಲೆಂದೇ ಬಂದಿರುತ್ತಾರೆ. ಆದರೆ ಆ ಮೂರು ಕಿ.ಮೀ.ನಿಂದ ರೇಂಜ್ ಕಂಡುಹಿಡಿಯಲು ಆಗುವುದಿಲ್ಲ. ಇದನ್ನು ಬ್ಯಾನರಿನಲ್ಲೇ ಬರೆಯಿರಿ, ಹೇಗೆ ಎಂದು ಮುಂದೆ ಹೇಳುತ್ತೇನೆ.

ಇನ್ನು 150. ಕಂಪನಿಯವರು ಸುಳ್ಳು ಹೇಳುತ್ತಾರೆ ಎಂದು ಜನ ಸುಲಭವಾಗಿ ಅಂದುಬಿಡುತ್ತಾರೆ. ನಾನು ಹನ್ನೊಂದು ವರ್ಷದಿಂದ ಈ ಗಾಡಿಗಳ ಪರೀಕ್ಷೆ ಮತ್ತು ಸರ್ವಿಸ್ ಎರಡನ್ನೂ ನೋಡಿದವನು, ಹಾಗೆ ಹೇಳಲಾರೆ. 150 ನಿಜವೇ, ಆದರೆ ನಿಮ್ಮ ಗ್ರಾಹಕ ಕೇಳದ ಪ್ರಶ್ನೆಗೆ ಕೊಟ್ಟ ಉತ್ತರ. ಬ್ರೋಷರಿನಲ್ಲಿ ಅಂಕಿಯ ಪಕ್ಕ ಸಣ್ಣ ಅಕ್ಷರದಲ್ಲಿ "ಐಡಿಸಿ" ಎಂದಿದೆಯೇ ನೋಡಿ. ಇಂಡಿಯನ್ ಡ್ರೈವಿಂಗ್ ಸೈಕಲ್ ಎನ್ನುವ ಈ ಪರೀಕ್ಷೆಯಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ, 108 ಸೆಕೆಂಡಿನ ಒಂದು ಓಟವನ್ನು ಮತ್ತೆ ಮತ್ತೆ ಓಡಿಸುತ್ತಾರೆ. ಆ ಓಟದ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ 22ರ ಆಸುಪಾಸು. ಲೆಕ್ಕಕ್ಕೆ ಒಬ್ಬನೇ ಸವಾರ. ಎದುರುಗಾಳಿಯಿಲ್ಲ, ಹಳ್ಳವಿಲ್ಲ, ಏರಿಲ್ಲ, ಅಡ್ಡ ಬರುವ ನಾಯಿಯೂ ಇಲ್ಲ. ಎಲ್ಲ ಗಾಡಿಗಳನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯಬೇಕಾದರೆ ಹೀಗೇ ಮಾಡಬೇಕು. ಒಂದೇ ಪರೀಕ್ಷೆಗೆ ಒಳಪಟ್ಟ ಎರಡು ಸ್ಕೂಟರ್‌ಗಳಲ್ಲಿ ಯಾವುದು ಹೆಚ್ಚು ದೂರ ಹೋಗುತ್ತದೆ ಎಂದು ತಿಳಿಯಲು ಈ ಅಂಕಿ ಚೆನ್ನಾಗಿದೆ. ನಾಳೆ ಬೆಳಿಗ್ಗೆ ನಾನು ಎಷ್ಟು ದೂರ ಹೋಗಬಹುದು ಎಂದು ತಿಳಿಯಲು ಮಾತ್ರ ಉಪಯೋಗವಿಲ್ಲ. ಇನ್ನೊಂದು ಕಂಪನಿಯ ಅಂಕಿ ಬೇರೆ ಪರೀಕ್ಷೆಯದಾಗಿದ್ದರೆ, ಉದಾಹರಣೆಗೆ ಡಬ್ಲ್ಯುಎಂಟಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಲೇಬಾರದು.

150ರಿಂದ 100ರ ಕೆಳಗೆ ಇಳಿಯಲು ಮುಖ್ಯ ಕಾರಣ ಗಾಳಿ. ಸ್ಕೂಟರ್ ಮೇಲೆ ನೆಟ್ಟಗೆ ಕೂತ ಮನುಷ್ಯ ಎದೆಯಿಂದ ಗಾಳಿಯನ್ನು ತಳ್ಳಿಕೊಂಡೇ ಹೋಗಬೇಕು. ಈ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರಿಂದ 60ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಯ ತಡೆ ಎರಡೂಕಾಲು ಪಟ್ಟು. ನಿಮ್ಮದರಂಥ ಗಾಡಿಗೆ, ಒಬ್ಬನೇ ಸವಾರ, ಸಮತಟ್ಟು ರಸ್ತೆ ಎಂದುಕೊಂಡು ನಾನು ಹಾಕಿದ ಲೆಕ್ಕ ಹೀಗಿದೆ: ಒಂದೇ ಸಮನೆ 40ರಲ್ಲಿ ಹೋದರೆ ಕಿ.ಮೀ.ಗೆ 24 ವ್ಯಾಟ್ ಅವರ್ ಬೇಕು, 60ರಲ್ಲಿ ಹೋದರೆ ಸುಮಾರು 40. ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್. ನಿಮ್ಮ 3.7 ಯೂನಿಟ್ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 3.4ರಷ್ಟು, ಉಳಿದದ್ದನ್ನು ಸೆಲ್‌ಗಳ ಆಯಸ್ಸಿಗಾಗಿ ನಿಯಂತ್ರಕ ಮುಟ್ಟಲು ಬಿಡುವುದಿಲ್ಲ ಎಂದಿಟ್ಟುಕೊಳ್ಳಿ. ಭಾಗಿಸಿ ನೋಡಿದರೆ 40ರಲ್ಲಿ 140 ಕಿ.ಮೀ., 60ರಲ್ಲಿ 85. ಗಾಡಿ ಅದೇ, ಬ್ಯಾಟರಿ ಅದೇ, ಬದಲಾದದ್ದು ಬಲಗೈ ಮಾತ್ರ.

ತೂಕ ಮತ್ತು ಏರಿನ ಪಾಲೂ ಇದೆ. ತೂಕ ಹೆಚ್ಚಾದರೆ ಟೈರಿನ ಎಳೆತ ಹೆಚ್ಚುತ್ತದೆ, ಪ್ರತಿ ಸಿಗ್ನಲ್‌ನಲ್ಲಿ ನಿಂತು ಹೊರಡುವಾಗಲೂ ಅಷ್ಟು ಭಾರವನ್ನು ಮತ್ತೆ ಎಳೆಯಬೇಕು. ಬ್ರೇಕ್ ಹಾಕಿದಾಗ ಮೋಟರೇ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತುಂಬುವ ರೀಜನ್‌ನಿಂದ ಸ್ವಲ್ಪ ವಾಪಸು ಬರುತ್ತದೆ, ಪೂರ್ತಿಯಲ್ಲ. ಏರಿನ ಲೆಕ್ಕ ಗ್ರಾಹಕರಿಗೆ ಹೇಳಲು ಸುಲಭ: ನೂರು ಮೀಟರ್ ಎತ್ತರ ಹತ್ತಿದರೆ ಸುಮಾರು 2 ಕಿ.ಮೀ. ರೇಂಜ್ ಹೆಚ್ಚುವರಿಯಾಗಿ ಹೋಗುತ್ತದೆ.

ಇನ್ನೊಂದು ತಪ್ಪು ನಂಬಿಕೆ ನಿಮ್ಮಂಥ ಪ್ರಾಮಾಣಿಕರಲ್ಲೇ ಹೆಚ್ಚು. ಕಂಪನಿ ಹೇಳಿದ್ದರ ಶೇ 70 ಹಿಡಿದು "ನಿಜವಾದ ರೇಂಜ್ 105 ಕಿ.ಮೀ." ಎಂದು ಬರೆದುಬಿಡುವುದು. ಕೇಳಲು ಸತ್ಯದ ಹಾಗಿದೆ. ಆದರೆ ಯಾರು ಓಡಿಸಿದ್ದು, ಯಾವ ವೇಗ, ಎಷ್ಟು ಚಾರ್ಜ್ ಉಳಿಸಿ ನಿಲ್ಲಿಸಿದ್ದು ಎಂದು ಹೇಳದೆ "ನಿಜವಾದ" ಎಂದರೆ ಅದೂ ಬ್ರೋಷರಿನ 150ರಷ್ಟೇ ಪೊಳ್ಳು. ಬ್ರೋಷರಿನವರು ತಮ್ಮ ಪರೀಕ್ಷೆಯ ಹೆಸರನ್ನಾದರೂ ಹಾಕಿರುತ್ತಾರೆ!

ಆದ್ದರಿಂದ ನನ್ನ ಸಲಹೆ: ಅಂಕಿಯನ್ನು ಊಹಿಸಬೇಡಿ, ಅಳೆಯಿರಿ. ಭಾನುವಾರದೊಳಗೆ ಮೂರು ಬೆಳಗು ಸಾಕು. ಹಿಂದೆ ಒಂದು ಕ್ಯಾಂಪಿಗೆ ಇದೇ ಅಳತೆಯ ಬ್ಯಾಟರಿಯ ಗಾಡಿಯಲ್ಲಿ ನಾವು ಮಾಡಿದ್ದನ್ನು ಹಾಗೇ ಹೇಳುತ್ತೇನೆ.

ಹಿಂದಿನ ರಾತ್ರಿ ಫುಲ್ ಚಾರ್ಜ್ ಮಾಡಿದೆವು. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಗಾಳಿ ನೋಡಿ, ಗಾಡಿಯ ಮೇಲಿನ ಸ್ಟಿಕ್ಕರಿನಲ್ಲಿ ಬರೆದಷ್ಟಕ್ಕೆ ತಂದೆವು. ಅದಕ್ಕಿಂತ ಹೆಚ್ಚು ತುಂಬಿದರೆ ಅಂಕಿ ಚೆಂದ ಬರುತ್ತದೆ, ಆದರೆ ಗ್ರಾಹಕರ ಗಾಡಿಯಲ್ಲಿ ಹಾಗಿರುವುದಿಲ್ಲ. ಹೊರಟಲ್ಲಿಗೇ ವಾಪಸು ಬರುವ 12 ಕಿ.ಮೀ. ಸುತ್ತನ್ನು ಆರಿಸಿಕೊಂಡೆವು. ಹೊರಟ ಜಾಗಕ್ಕೇ ಮರಳುವುದು ಮುಖ್ಯ, ಇಲ್ಲವಾದರೆ ಇಳಿಜಾರು ಅಥವಾ ಹಿಂದಿನಿಂದ ಬೀಸುವ ಗಾಳಿ ಗೊತ್ತಾಗದ ಹಾಗೆ ಲೆಕ್ಕ ಕೆಡಿಸುತ್ತದೆ. ಸವಾರನ ತೂಕ 72 ಕೆಜಿ, ನಾರ್ಮಲ್ ಮೋಡ್, ರಸ್ತೆ ಸಿಕ್ಕಲ್ಲಿ 45ರಿಂದ 50, ಸಿಗ್ನಲ್‌ಗಳಲ್ಲಿ ಎಲ್ಲರ ಹಾಗೆ ನಿಂತು ಹೊರಟದ್ದು. ಆರು ಸುತ್ತು, ಒಟ್ಟು 72 ಕಿ.ಮೀ. ವಾಪಸು ಬಂದಾಗ ಪರದೆಯಲ್ಲಿ 26 ಉಳಿದಿತ್ತು. ಅಂದರೆ ಶೇ 74 ಹೋಗಿದೆ, ಶೇ 1ಕ್ಕೆ 0.97 ಕಿ.ಮೀ. ಪೂರ್ಣಾಂಕದ ತಪ್ಪು ಇಲ್ಲೂ ಇದೆ, ಆದರೆ 74ರಲ್ಲಿ ಒಂದು ಆಚೀಚೆ ಆದರೆ ಪೂರ್ತಿ ರೇಂಜಿನಲ್ಲಿ ಒಂದೂಕಾಲು ಕಿ.ಮೀ.ನಷ್ಟು ವ್ಯತ್ಯಾಸ ಬರುತ್ತದೆ, ಅಷ್ಟೇ. 3 ಕಿ.ಮೀ.ನವರ ಲೆಕ್ಕದಲ್ಲಿ ಅದು ಒಂದು ಕಡೆಗೆ 15, ಇನ್ನೊಂದು ಕಡೆಗೆ 25 ಕಿ.ಮೀ. ಆಗಿತ್ತು.

ನಂತರ ಪರದೆಯ ಶೇಕಡಾ ನಂಬಬಹುದೋ ಇಲ್ಲವೋ ಎಂದು ನೋಡಲು, ಗೋಡೆಯ ಸಾಕೆಟ್‌ಗೂ ಚಾರ್ಜರ್‌ಗೂ ನಡುವೆ ಯೂನಿಟ್ ತೋರಿಸುವ ಪ್ಲಗ್ ಮೀಟರ್ ಹಾಕಿ ಮತ್ತೆ 100ಕ್ಕೆ ತುಂಬಿಸಿದೆವು. 2.9 ಯೂನಿಟ್ ಹೋಯಿತು. ಚಾರ್ಜರ್ ಬಿಸಿಯಾಗಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಹಾಳಾಗುತ್ತದೆ, ಹಾಗಾಗಿ ಬ್ಯಾಟರಿಗೆ ಸೇರಿದ್ದು ಎರಡೂವರೆ ಯೂನಿಟ್. ಅದು ಬ್ಯಾಟರಿಯ ಶೇ 74 ಎಂದರೆ ಪೂರ್ತಿ 3.4 ಯೂನಿಟ್. ಲೆಕ್ಕ ಹೊಂದಿತು, ಪರದೆ ಸುಳ್ಳು ಹೇಳುತ್ತಿಲ್ಲ. ಎರಡಕ್ಕೂ ದೊಡ್ಡ ಅಂತರ ಬಂದಿದ್ದರೆ ಆ ಗಾಡಿಯನ್ನು ಮೊದಲು ಸರ್ವಿಸ್‌ಗೆ ಕಳಿಸಬೇಕಿತ್ತು, ಕ್ಯಾಂಪಿಗಲ್ಲ.

ಶೇ 1ಕ್ಕೆ 0.97 ಎಂದ ಮೇಲೆ ನೂರಕ್ಕೆ 97 ಕಿ.ಮೀ. ಆದರೆ ನಾವು ಬರೆದದ್ದು 87. ಸೊನ್ನೆಗೆ ಇಳಿಸಿ ಯಾರೂ ಓಡಿಸುವುದಿಲ್ಲ. ಚಾರ್ಜ್ ಕೊನೆಗೆ ಬಂದಾಗ ಹೆಚ್ಚಿನ ಗಾಡಿಗಳು ತಾವೇ ವೇಗ, ಎಳೆತ ಎರಡನ್ನೂ ತಗ್ಗಿಸುತ್ತವೆ. ಹಾಗಾಗಿ 100ರಿಂದ 10ರವರೆಗಿನ ಲೆಕ್ಕವನ್ನೇ ಕೊಡಿ, ಹಾಗೆಂದು ಬರೆಯಿರಿ.

ಎರಡನೇ ಬೆಳಗು ಹಿಂದೆ 63 ಕೆಜಿಯ ಒಬ್ಬರನ್ನು ಕೂರಿಸಿಕೊಂಡು ಅದೇ ಸುತ್ತು ಎರಡು ಸಲ, 24 ಕಿ.ಮೀ. ಶೇ 29 ಹೋಯಿತು. ಶೇ 10 ಉಳಿಸುವ ಲೆಕ್ಕಕ್ಕೆ 75 ಕಿ.ಮೀ. ಮೂರನೇ ದಿನ ಒಬ್ಬರೇ ಹೆದ್ದಾರಿಯಲ್ಲಿ 60ರಿಂದ 65ರ ವೇಗದಲ್ಲಿ 12 ಕಿ.ಮೀ. ಹೋಗಿ 12 ಕಿ.ಮೀ. ಬಂದರು. ಶೇ 30 ಹೋಯಿತು, 72 ಕಿ.ಮೀ. ಈ ಎರಡೂ ಸಣ್ಣ ಓಟಗಳಾದ್ದರಿಂದ ಎರಡು ಮೂರು ಕಿ.ಮೀ. ಆಚೀಚೆ ಆಗಬಹುದು, ಅದಕ್ಕೇ "ಸುಮಾರು" ಎಂದು ಸೇರಿಸಿದೆವು. ಹೆದ್ದಾರಿಯಲ್ಲಿ ಸಿಗ್ನಲ್ ಇಲ್ಲದಿದ್ದರೂ ರೇಂಜ್ ಊರೊಳಗಿಗಿಂತ ಕಡಿಮೆ ಬಂದದ್ದು ಗಮನಿಸಿ. ಪೆಟ್ರೋಲ್ ಗಾಡಿ ಓಡಿಸಿ ರೂಢಿಯಾದವರು ಇದನ್ನು ಮೊದಲಿಗೆ ನಂಬುವುದೇ ಇಲ್ಲ.

ಬ್ಯಾನರಿನಲ್ಲಿ ಹೋದದ್ದು ಹೀಗೆ:

"ನಾವೇ ಓಡಿಸಿ ನೋಡಿದ್ದು. ಊರೊಳಗೆ ಒಬ್ಬರೇ: 87 ಕಿ.ಮೀ. ಊರೊಳಗೆ ಇಬ್ಬರು: ಸುಮಾರು 75. ಹೆದ್ದಾರಿಯಲ್ಲಿ ಒಬ್ಬರೇ, 60–65ರ ವೇಗ: ಸುಮಾರು 72.
ಫುಲ್ ಚಾರ್ಜ್‌ನಿಂದ ಶೇ 10 ಉಳಿಯುವವರೆಗಿನ ಲೆಕ್ಕ. ಸವಾರರು 72 ಕೆಜಿ, ಹಿಂದೆ ಕೂತವರು 63 ಕೆಜಿ. ನಾರ್ಮಲ್ ಮೋಡ್, ಊರೊಳಗಿನ ವೇಗ 45–50, ಏರು ಕಡಿಮೆ. 3.7 ಯೂನಿಟ್ ಮಾಡೆಲ್, ಹೊಸ ಬ್ಯಾಟರಿ.
ಪ್ರಯೋಗಾಲಯದ ಐಡಿಸಿ ಅಂಕಿ: 150 ಕಿ.ಮೀ.
ಇಂದಿನ 3 ಕಿ.ಮೀ. ಸವಾರಿಯಲ್ಲಿ ರೇಂಜ್ ತಿಳಿಯುವುದಿಲ್ಲ. ಬ್ರೇಕ್, ಸೀಟು, ಏರಿನಲ್ಲಿ ಎಳೆತ ನೋಡಿ. ರೇಂಜ್ ಲೆಕ್ಕ ನಮ್ಮ ಮೇಜಿನ ಬಳಿ ಕೇಳಿ."

ಎರಡು ಸಾಲು ಕೇಳಿದಿರಿ, ಇದು ಎರಡಕ್ಕಿಂತ ಹೆಚ್ಚಾಯಿತು. ಜಾಗ ಕಡಿಮೆ ಇದ್ದರೆ ಮೊದಲ ಸಾಲು ಮತ್ತು "ಶೇ 10 ಉಳಿಯುವವರೆಗೆ" ಎನ್ನುವುದನ್ನು ಬ್ಯಾನರಿಗೆ ಹಾಕಿ, ಉಳಿದದ್ದನ್ನು ಗಾಡಿಯ ಪಕ್ಕದ ಬೋರ್ಡಿಗೆ ಹಾಕಿ. ಆದರೆ ಅಂಕಿ ಆಳೆತ್ತರಕ್ಕಿದ್ದು ಷರತ್ತು ಇರುವೆ ಸಾಲಿನ ಹಾಗೆ ಕಾಣುವಂತೆ ಮಾಡಬೇಡಿ. ಅಂಕಿಗೆ ನಕ್ಷತ್ರ ಹಾಕಿ ಕೆಳಗೆ "ಷರತ್ತುಗಳು ಅನ್ವಯ" ಎನ್ನುವುದೂ ಬೇಡ. ಷರತ್ತು ಏನೆಂದು ಹೇಳಲು ನಾಲ್ಕೇ ಪದ ಸಾಕಾಗುವಾಗ ಅದನ್ನು ಬಚ್ಚಿಡುವುದೇಕೆ?

"ವರೆಗೆ" ಎನ್ನುವ ಪದದ ಬಗ್ಗೆ ಒಂದು ಮಾತು. "150 ಕಿ.ಮೀ. ವರೆಗೆ" ಎಂದು ಬರೆದರೆ ತಪ್ಪಿಸಿಕೊಂಡೆವು ಎಂದು ಓನರ್‌ಗೆ ಅನಿಸಬಹುದು. ಓದುವವರ ಕಣ್ಣು ಅಂಕಿಯ ಮೇಲೆ ನಿಲ್ಲುತ್ತದೆ, "ವರೆಗೆ"ಯ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಜಗಳಕ್ಕೆ ಬಂದವರ ಮುಂದೆ ಆ ಮೂರಕ್ಷರ ತೋರಿಸಿ ಗೆದ್ದವರನ್ನು ನಾನು ಇನ್ನೂ ನೋಡಿಲ್ಲ.

ನಿಮ್ಮ ಮುಂದೆ ಬೇರೆ ದಾರಿಗಳೂ ಇವೆ. ಐಡಿಸಿ ಅಂಕಿಯನ್ನು ಮಾತ್ರ, ಪರೀಕ್ಷೆಯ ಹೆಸರಿನೊಂದಿಗೆ ಹಾಕಬಹುದು. ತಪ್ಪು ಹೇಳಿದಂತಾಗುವುದಿಲ್ಲ, ಆದರೆ ಮೂರು ತಿಂಗಳ ನಂತರದ ಜಗಳ ಹಾಗೇ ಉಳಿಯುತ್ತದೆ. ಕೆಲವು ಕಂಪನಿಗಳು ಬ್ರೋಷರಿನಲ್ಲೇ ರಸ್ತೆಯ ರೇಂಜ್ ಎಂದು ಬೇರೆ ಅಂಕಿ ಕೊಟ್ಟಿರುತ್ತವೆ, ಅದನ್ನೂ ಹಾಕಬಹುದು. ಯಾವ ಮೋಡ್‌ನಲ್ಲಿ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಬಹಳ ಸಲ ಅದು ಇಕೋ ಮೋಡ್‌ನದು, ನಿಮ್ಮ ಕ್ಯಾಂಪಿನ ಗಾಡಿಯನ್ನು ಆ ಮೋಡ್‌ನಲ್ಲಿ ಯಾರೂ ಓಡಿಸುವುದಿಲ್ಲ. ನೀವೇ ಅಳೆದ ಅಂಕಿಗೂ ಅಪಾಯವಿದೆ: ಅದು ಒಂದೇ ಗಾಡಿ, ಒಬ್ಬರೇ ಸವಾರರದ್ದು. 95 ಕೆಜಿಯವರು, ದಿನಾ ಗುಡ್ಡ ಹತ್ತುವವರು, ಕೊರೆಯುವ ಚಳಿಯ ಊರಿನವರು 87 ಮುಟ್ಟುವುದಿಲ್ಲ. ಚಳಿಯಲ್ಲಿ ಬ್ಯಾಟರಿ ಕೊಡುವುದೂ ಕಡಿಮೆ, ರೀಜನ್‌ನಿಂದ ವಾಪಸು ಪಡೆಯುವುದೂ ಕಡಿಮೆ. ಬ್ಯಾಟರಿ ಹಳೆಯದಾದ ಹಾಗೆ ಎಲ್ಲ ಅಂಕಿಗಳೂ ಇಳಿಯುತ್ತವೆ, "ಹೊಸ ಬ್ಯಾಟರಿ" ಎಂದು ಬರೆದದ್ದು ಅದಕ್ಕೇ. ಹಾಗಿದ್ದೂ ನಾನು ಈ ದಾರಿಯನ್ನೇ ಹೇಳುತ್ತೇನೆ. ಯಾಕೆ ಕಡಿಮೆ ಬಂತು ಎಂದು ಕೇಳಿ ಬಂದವರೊಂದಿಗೆ ಕೂತು ತೂಕ, ವೇಗ, ಏರು ಎಂದು ಒಂದೊಂದಾಗಿ ನೋಡಬಹುದು, ಮಾತಾಡಲು ಏನಾದರೂ ಇರುತ್ತದೆ.

ಮಾಡೆಲ್ ಹೆಸರನ್ನು ಮರೆಯಬೇಡಿ. ನಾನು ನೋಡಿದ ಒಂದು ಕ್ಯಾಂಪಿನಲ್ಲಿ ಬ್ಯಾನರ್ ದೊಡ್ಡ ಬ್ಯಾಟರಿಯದು, ಓಡಿಸಲು ಕೊಟ್ಟದ್ದು ಸಣ್ಣ ಬ್ಯಾಟರಿಯ ಗಾಡಿ. ಹೊರಗಿನಿಂದ ಎರಡೂ ಒಂದೇ ರೀತಿ. ಮೋಸ ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ, ದೊಡ್ಡದು ಸ್ಟಾಕ್ ಇರಲಿಲ್ಲ ಅಷ್ಟೇ. ಆದರೆ ಮಧ್ಯಾಹ್ನದ ಹೊತ್ತಿಗೆ ಒಬ್ಬರು ಸೀಟಿನಡಿಯ ಸ್ಟಿಕ್ಕರ್ ಓದಿದರು, ಆಮೇಲೆ ಆ ಬ್ಯಾನರಿನ ಉಳಿದ ಸಾಲುಗಳನ್ನು ಯಾರೂ ನಂಬಲಿಲ್ಲ.

ಮಧ್ಯಾಹ್ನದ ಸಮಸ್ಯೆ ಇನ್ನೊಂದಿದೆ. ಬೆಳಿಗ್ಗೆಯಿಂದ ಇಪ್ಪತ್ತು ಜನ ಎಕ್ಸಲೇಟರ್ ಪೂರ್ತಿ ತಿರುಗಿಸಿ ಓಡಿಸಿದ ಮೇಲೆ ಪರದೆ "ಇನ್ನು ಇಷ್ಟು ಕಿ.ಮೀ." ಎಂದು ತೋರಿಸುವ ಅಂಕಿ ಪಾತಾಳಕ್ಕೆ ಇಳಿದಿರುತ್ತದೆ. ಅನೇಕ ಗಾಡಿಗಳಲ್ಲಿ ಆ ಅಂಕಿ ಇತ್ತೀಚಿನ ಕೆಲವು ಕಿ.ಮೀ.ನಲ್ಲಿ ಖರ್ಚಾದ ರೀತಿಯ ಮೇಲೆ ನಿಂತಿರುತ್ತದೆ, ಮುಂದಿನ ಸವಾರ ಹೇಗೆ ಓಡಿಸುತ್ತಾನೆ ಎಂಬುದು ಅದಕ್ಕೆ ಗೊತ್ತಿಲ್ಲ. ಗ್ರಾಹಕ ಅದನ್ನು ನೋಡಿ ಕೇಳುವ ಮೊದಲೇ ನೀವು ಹೇಳಿಬಿಡಿ. ಬ್ಯಾಟರಿ, ಮೋಟರ್ ಕಾದಿದ್ದರೆ ಎಳೆತವೂ ಕಡಿಮೆಯಾಗಿರುತ್ತದೆ, ಆದ್ದರಿಂದ ಎರಡು ಗಾಡಿ ಇದ್ದರೆ ಒಂದಾದ ಮೇಲೆ ಒಂದಕ್ಕೆ ಬಿಡುವು ಕೊಡಿ.

ಓನರ್ ಹೇಳುವ ಮಾತಿಗೂ ಉತ್ತರ ಬೇಕಲ್ಲ. ಎದುರಿನ ಅಂಗಡಿಯ ಬೋರ್ಡಿನಲ್ಲಿ 150, ನಿಮ್ಮದರಲ್ಲಿ 87 ಎಂದರೆ ಸೋಲುತ್ತೀರಿ, ಅವರ ಭಯ ಸುಳ್ಳಲ್ಲ. ಅದಕ್ಕೇ 150 ನಿಮ್ಮ ಬ್ಯಾನರಿನಲ್ಲೂ ಇರಲಿ, ಅದರ ಹೆಸರಿನೊಂದಿಗೆ ಇರಲಿ. ಎರಡನ್ನೂ ನೋಡಿದವರು "ಇದೇನಿದು, ಎರಡೆರಡು?" ಎಂದು ಕೇಳುತ್ತಾರೆ. ಆಗ ಮೇಜಿನ ಬಳಿ ಕೂರಿಸಿ ನೀವು ಕೇಳಬೇಕಾದ್ದು ಇಷ್ಟೇ: ದಿನಕ್ಕೆ ಎಷ್ಟು ಕಿ.ಮೀ. ಓಡಿಸ್ತೀರಿ, ಒಬ್ಬರೋ ಇಬ್ಬರೋ, ಏರು ಇದೆಯೋ?

ಒಬ್ಬರು 38 ಕಿ.ಮೀ., ಇಬ್ಬರು, ದಾರಿಯಲ್ಲಿ ಇನ್ನೂರು ಮೀಟರ್ ಏರು ಎಂದರು ಅಂದುಕೊಳ್ಳಿ. ಏರಿಗೆ 4 ಕಿ.ಮೀ. ಎಂದರೂ ಹಿಂದೆ ಇನ್ನೊಬ್ಬರಿರುವುದರಿಂದ 5 ಹಿಡಿಯಿರಿ, ಒಟ್ಟು 43. ಇಬ್ಬರ ಅಂಕಿ 75ರ ಮುಂದೆ ಅದನ್ನು ಇಟ್ಟು ನೋಡಿ: ದಿನಾ ರಾತ್ರಿ ಚಾರ್ಜ್ ಮಾಡಿದರೆ ಧಾರಾಳ, ಎರಡು ದಿನಕ್ಕೊಮ್ಮೆ ಎಂದರೆ ಆಗುವುದಿಲ್ಲ. 150 ನಂಬಿ ಹೋದವರು ಮೂರು ದಿನಕ್ಕೊಮ್ಮೆ ಚಾರ್ಜ್ ಎಂದುಕೊಂಡಿರುತ್ತಾರೆ. ಈ ಲೆಕ್ಕವನ್ನು ಅವರ ಮುಂದೆಯೇ ಒಂದು ಚೀಟಿಯಲ್ಲಿ ಬರೆದು, ದಿನಾಂಕ ಹಾಕಿ, ಅವರ ಕೈಗೇ ಕೊಟ್ಟು ಕಳಿಸಿ. ಒಂದು ಪ್ರತಿ ನಿಮ್ಮ ಬಳಿಯೂ ಇರಲಿ.